ವಿಷಯೆಯ ಕಾಡಿಗೆ, 87ನೇ ಕಲಂ ಮತ್ತು ಒಂದು ವಾಟ್ಸಾಪ್ ಸ್ಟೇಟಸ್

ನಮ್ಮ ಎಂ.ಕಾಂ. ಕೊನೆಯ ವರ್ಷದ ತರಗತಿಯಲ್ಲಿ ಹುಡುಗರದ್ದೊಂದು ಬದಿ, ಹುಡುಗಿಯರದ್ದೊಂದು ಬದಿ. ನೋಟ್ಸು, ಅಸೈನ್‌ಮೆಂಟು, ಇಂಟರ್ನಲ್ಸ್ ತಾರೀಕು ಇಷ್ಟು ಬಿಟ್ಟರೆ ನಡುವಿನ ದಾರಿ ದಾಟಿ ಮಾತು ಹೋಗುವುದು ಕಡಿಮೆ. ಮಾತುಗಾರ ಹುಡುಗರು ಕ್ಯಾಂಟೀನಿನಲ್ಲಿ ಹೇಗೋ ದಾಟಿಬಿಡುತ್ತಾರೆ. ನಾನು ಆ ಪೈಕಿ ಅಲ್ಲ. ಎದುರಿಗೆ ನಿಂತರೆ ಮೊದಲ ವಾಕ್ಯವೇ ಗಂಟಲಲ್ಲಿ ಸಿಕ್ಕಿಕೊಳ್ಳುವವರಿಗೆ ಬರಹದ ಮಾತು ಅನುಕೂಲ, ಯಾಕೆಂದರೆ ಅಲ್ಲಿ ಯೋಚಿಸುವುದಕ್ಕೆ ಪುರುಸೊತ್ತು ಇರುತ್ತದೆ. ಆದರೆ ಬರೆಯುವುದಕ್ಕೂ ಒಂದು ನೆಪ ಬೇಕು.

ನೆಪ ಸಿಕ್ಕಿದ್ದು ನಮ್ಮ ತರಗತಿಯ ಒಬ್ಬ ಹುಡುಗಿಯ ವಾಟ್ಸಾಪ್ ಸ್ಟೇಟಸ್ಸಿನಲ್ಲಿ. ಮಳೆಗಾಲ. ಯಕ್ಷಗಾನ ಮೇಳಗಳ ತಿರುಗಾಟ ನಿಂತು ಸಿರ್ಸಿ ಕಡೆ, ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಲೆ ಶುರುವಾಗುವ ಹೊತ್ತು. ಅವಳು ಹಾಕಿದ್ದು ಚಂದ್ರಹಾಸ ಚರಿತ್ರೆಯ ಒಂದು ಪದ್ಯದ ತುಣುಕು, ಭಾಗವತರ ದನಿ, ಹಿಂದೆ ಮದ್ದಲೆ, ಫೋಟೊ ಇಲ್ಲ, ಬರಹ ಇಲ್ಲ. ಸಿನಿಮಾ ಹಾಡು ಎಲ್ಲರೂ ಹಾಕುತ್ತಾರೆ. ಮೂವತ್ತು ಸೆಕೆಂಡು ತಾಳಮದ್ದಲೆ ಹಾಕುವವರು ಅದನ್ನು ನಿಜವಾಗಿ ಕೇಳಿದವರೇ ಆಗಿರುತ್ತಾರೆ.

ಇಲ್ಲಿ ವಾಟ್ಸಾಪ್‌ನ ಒಂದು ಸಂಗತಿ ತಿಳಿದಿದ್ದರೆ ಅರ್ಧ ಧೈರ್ಯ ಬರುತ್ತದೆ. ಇಬ್ಬರೂ ಒಬ್ಬರ ನಂಬರನ್ನು ಒಬ್ಬರು ಸೇವ್ ಮಾಡಿಕೊಂಡಿದ್ದರೆ ಮಾತ್ರ ಸಾಮಾನ್ಯವಾಗಿ ಸ್ಟೇಟಸ್ ಕಾಣುತ್ತದೆ. ಅಂದರೆ ಅವಳ ಸ್ಟೇಟಸ್ ನನಗೆ ಕಂಡಿತು ಅಂದರೆ ಅವಳ ಫೋನಿನಲ್ಲಿ ನನ್ನ ಹೆಸರು ಇದೆ. ನೋಟ್ಸ್ ಸಲುವಾಗಿಯೇ ಇರಬಹುದು, ಅದಕ್ಕಿಂತ ಹೆಚ್ಚಿನ ಅರ್ಥ ಹುಡುಕಬಾರದು. ಆದರೆ ಕ್ಲಾಸ್ ಗ್ರೂಪಿನಿಂದ ನಂಬರ್ ಎತ್ತಿಕೊಂಡು ರಾತ್ರಿ ‘ಹಾಯ್’ ಕಳಿಸುವುದಕ್ಕೂ, ಅವಳೇ ಎಲ್ಲರಿಗೂ ತೆರೆದಿಟ್ಟ ವಿಷಯಕ್ಕೆ ಉತ್ತರ ಕೊಡುವುದಕ್ಕೂ ಬಹಳ ವ್ಯತ್ಯಾಸ ಇದೆ. ಮೊದಲನೆಯದಕ್ಕೆ ‘ನನ್ನ ನಂಬರ್ ಯಾರು ಕೊಟ್ಟರು’ ಅನ್ನುವ ಪ್ರಶ್ನೆ ಬರುತ್ತದೆ, ಬರಲೇಬೇಕು. ಸ್ಟೇಟಸ್ ಕಾಣದಿದ್ದರೆ ತರಗತಿಯಲ್ಲೇ ‘ಆ ತಾಳಮದ್ದಲೆಯ ಆಡಿಯೊ ನನ್ನ ಹತ್ತಿರ ಇದೆ, ಕಳಿಸಲಾ?’ ಅಂತ ಒಂದು ವಾಕ್ಯ ಕೇಳಿಕೊಳ್ಳುವುದೇ ಸರಿ. ಹೂಂ ಅಂದರೆ ಬಾಗಿಲು ತೆರೆದ ಹಾಗೆ, ‘ಬೇಡ, ನನ್ನ ಹತ್ತಿರ ಇದೆ’ ಅಂದರೆ ಅಲ್ಲಿಗೆ ಬಿಟ್ಟ ಹಾಗೆ.

ಇನ್ನೊಂದು. ಸ್ಟೇಟಸ್ ಯಾರು ನೋಡಿದರು ಅನ್ನುವುದು ಹಾಕಿದವರಿಗೆ ಸಾಮಾನ್ಯವಾಗಿ ಕಾಣುತ್ತದೆ. ದಿನಾ ಹಾಕಿದ ನಿಮಿಷಕ್ಕೇ ಮೊದಲ ಹೆಸರು ನಿಮ್ಮದೇ ಇದ್ದು, ಮಾತು ಮಾತ್ರ ಇಲ್ಲ ಅಂದರೆ ಅದು ನಾಚಿಕೆ ಅಂತ ಯಾರಿಗೂ ಅನಿಸುವುದಿಲ್ಲ, ಹೊಂಚು ಅಂತ ಅನಿಸುತ್ತದೆ.

ಉತ್ತರವಾಗಿ ಬೆಂಕಿಯ ಇಮೋಜಿಯನ್ನೋ ‘ಸೂಪರ್’ ಅಂತಲೋ ಕಳಿಸಿದರೆ ವಾಪಸ್ಸು ಬರುವುದು ಕೈಮುಗಿದ ಇಮೋಜಿ. ಅಲ್ಲಿಗೆ ಮುಗಿಯಿತು, ಮುಂದೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ‘ನೀವು ತಾಳಮದ್ದಲೆ ಕೇಳ್ತೀರಾ?’ ಅನ್ನುವುದೂ ಅಷ್ಟೇ ಬಡ ಪ್ರಶ್ನೆ. ಸ್ಟೇಟಸ್ಸೇ ಹೌದು ಅನ್ನುತ್ತಿರುವಾಗ ಅವಳು ಬೇರೆ ಏನು ಹೇಳಬೇಕು? ಮೊದಲ ಸಂದೇಶದಲ್ಲಿ ಎರಡು ವಸ್ತು ಇರಬೇಕು: ಆ ತುಣುಕನ್ನು ಕಿವಿಗೊಟ್ಟು ಕೇಳಿದ್ದೇನೆ ಅನ್ನುವುದಕ್ಕೆ ಗುರುತು, ಮತ್ತು ಎರಡು ಪಕ್ಷಕ್ಕೂ ವಾದ ಇರುವ ಒಂದು ಪ್ರಶ್ನೆ. ತಾಳಮದ್ದಲೆ ಕೇಳುವವರಿಗೆ ಪಕ್ಷ ಹಿಡಿಯುವ ಚಟ ಇದ್ದೇ ಇರುತ್ತದೆ. ವೇಷ ಇಲ್ಲ, ಕುಣಿತ ಇಲ್ಲ, ಪದ್ಯ ಮುಗಿದ ಮೇಲೆ ಎದುರುಬದುರು ಕೂತ ಅರ್ಥಧಾರಿಗಳ ಮಾತೇ ಎಲ್ಲ. ವಾಲಿಯದ್ದು ಸರಿಯೋ ರಾಮನದ್ದು ಸರಿಯೋ ಅಂತ ಮನೆಗೆ ಹೋಗುವ ದಾರಿಯಲ್ಲೂ ಜಗಳ ಆಡುವ ಜಾತಿ ನಮ್ಮದು.

ಚಂದ್ರಹಾಸನ ಕತೆ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಕುಂತಳದ ಮಂತ್ರಿ ದುಷ್ಟಬುದ್ಧಿ, ಚಂದ್ರಹಾಸನ ಕೈಯಲ್ಲೇ ತನ್ನ ಮಗ ಮದನನಿಗೆ ಪತ್ರ ಕೊಟ್ಟು ಕಳಿಸುತ್ತಾನೆ. ಪತ್ರ ತಂದವನಿಗೆ ವಿಷ ಕೊಡು ಅಂತ ಒಕ್ಕಣೆ. ದಾರಿಯಲ್ಲಿ ದಣಿದ ಹುಡುಗ ತೋಟದಲ್ಲಿ ಮಲಗಿ ನಿದ್ದೆಹೋದಾಗ ಮಂತ್ರಿಯ ಮಗಳು ವಿಷಯೆ ಅವನನ್ನು ನೋಡುತ್ತಾಳೆ, ಪತ್ರ ಓದುತ್ತಾಳೆ, ಕಣ್ಣಿನ ಕಾಡಿಗೆಯಿಂದ ಅಕ್ಷರ ತಿದ್ದಿ ‘ವಿಷಯೆಯನ್ನು ಕೊಡು’ ಅಂತ ಮಾಡುತ್ತಾಳೆ. ಮದನ ತಂಗಿಯನ್ನು ಮದುವೆ ಮಾಡಿಕೊಡುತ್ತಾನೆ.

ನಾನು ಕಳಿಸಿದ್ದು ಹೀಗೆ:

‘ಇದು ವಿಷಯೆ ಪತ್ರ ತಿದ್ದುವ ಜಾಗದ ಪದ್ಯ ಅಲ್ವಾ? ಬಿಸಿನೆಸ್ ಲಾ ಪ್ರಕಾರ ಅವಳು ಮಾಡಿದ್ದು ಮಟೀರಿಯಲ್ ಆಲ್ಟರೇಶನ್, ಪತ್ರ ಅಸಿಂಧು. ಮದುವೆಯೂ ಅಸಿಂಧು ಆಗ್ಬೇಕಿತ್ತು. ನೀವು ಯಾವ ಪಕ್ಷ?’

ಕಾಮರ್ಸ್ ಓದಿದವರಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಆಕ್ಟ್, 1881 ಬಿ.ಕಾಂ.ನಲ್ಲೇ ಗಂಟುಬಿದ್ದಿರುತ್ತದೆ. ಅದರ 87ನೇ ಕಲಮ್ಮಿನ ಪ್ರಕಾರ, ಚೆಕ್ಕಿನಲ್ಲೋ ಪ್ರಾಮಿಸರಿ ನೋಟಿನಲ್ಲೋ ಮುಖ್ಯವಾದ ಅಂಶವನ್ನು ತಿದ್ದಿದರೆ, ಒಪ್ಪಿಗೆ ಕೊಡದ ಪಕ್ಷದ ಮೇಲೆ ಅದು ಊರ್ಜಿತವಲ್ಲ. ಈ ಸಂದೇಶ ಕೆಲಸ ಮಾಡಿದ್ದಕ್ಕೆ ಕಾರಣ ನನ್ನ ಜಾಣತನ ಅಲ್ಲ, ಅದರಲ್ಲಿರುವ ತೂತು. ಅರಮನೆಯ ಪತ್ರ ಚೆಕ್ಕೂ ಅಲ್ಲ, ನೋಟೂ ಅಲ್ಲ. ಆ ಕಲಂ ಅಲ್ಲಿಗೆ ಬರುವುದೇ ಇಲ್ಲ. ಕಾಮರ್ಸ್ ಓದಿದ ಯಾರಿಗಾದರೂ ತಕ್ಷಣ ಹೊಳೆಯುತ್ತದೆ, ಹೊಳೆದರೆ ಹೇಳದೆ ಇರುವುದಕ್ಕಾಗುವುದಿಲ್ಲ. ಒಳ್ಳೆಯ ಅರ್ಥಧಾರಿ ಎದುರಿನವನಿಗೆ ಒಂದು ಎಳೆ ಬಿಟ್ಟೇ ಮಾತು ನಿಲ್ಲಿಸುತ್ತಾನೆ. ಎದುರಾಳಿಯ ಬಾಯಿ ಮುಚ್ಚಿಸುವವನ ಪ್ರಸಂಗ ಅರ್ಧ ಗಂಟೆಗೆ ಸತ್ತುಹೋಗುತ್ತದೆ. ಮೊದಲ ಸಂದೇಶವನ್ನು ಅವಳು ಗೆಲ್ಲುವ ಹಾಗೆ ಬರೆಯಬೇಕು. ನಾಚಿಕೆಯವರು ಇದಕ್ಕೆ ಉಲ್ಟಾ ಮಾಡುವುದು ಹೆಚ್ಚು: ತಮಗೆ ತಿಳಿದಿದ್ದೆಲ್ಲ ತೋರಿಸಬೇಕು ಅಂತ ಹದಿನೈದು ಸಾಲು ಬರೆದು, ಲಕ್ಷ್ಮೀಶನ ಜೈಮಿನಿ ಭಾರತದಿಂದ ಹಿಡಿದು ಎಲ್ಲ ಹೇಳಿ ಮುಗಿಸುತ್ತಾರೆ. ಓದಿದವಳಿಗೆ ‘ಹೌದು’ ಅನ್ನುವುದು ಬಿಟ್ಟು ಕೆಲಸ ಇರುವುದಿಲ್ಲ. ಮೂರು ಸಾಲು ಮೀರಬಾರದು.

‘ನೀವು’ ಅಂತ ಬರೆದದ್ದು ಬೇಕಂತಲೇ. ಸಹಪಾಠಿಯೇ ಆದರೂ ಈವರೆಗೆ ನೇರ ಮಾತಾಡಿಲ್ಲದ ಹುಡುಗಿಗೆ ಬರಹದಲ್ಲಿ ಏಕಾಏಕಿ ‘ನೀನು’ ಅಂದರೆ ಸಲಿಗೆ ಜಾಸ್ತಿಯಾಯಿತು ಅನಿಸುತ್ತದೆ. ‘ತಾವು’ ಅಂದರೆ ನಾಟಕ.

ಹೊತ್ತು ಎಂಟರ ಸುಮಾರು. ಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವವರು ಮನೆ ಸೇರಿ, ಕೈಕಾಲು ತೊಳೆದು, ಊಟಕ್ಕೆ ಮೊದಲು ಫೋನ್ ನೋಡುವ ಸಮಯ ಅದು. ಹತ್ತೂವರೆಯ ಮೇಲೆ ಬಂದ ಅದೇ ಸಂದೇಶಕ್ಕೆ ಅರ್ಥವೇ ಬೇರೆಯಾಗುತ್ತದೆ, ಒಳಗಿನ ಮಾತು ಎಷ್ಟು ಸಭ್ಯವಾಗಿದ್ದರೂ. ಫೋನು ಜಗಲಿಯ ಮೇಲೆ ಚಾರ್ಜಿಗಿರುತ್ತದೆ, ಪರದೆಯ ಮೇಲೆ ಹೆಸರು ಮೂಡಿದ್ದನ್ನು ಮೊದಲು ನೋಡುವವರು ಅವಳ ಅಮ್ಮನೂ ಆಗಬಹುದು. ಹಾಗಾಗಿ ಮೊದಲೆರಡು ವಾರದ ಮಟ್ಟಿಗೆ ನನ್ನ ಅಳತೆಗೋಲು ಇದೇ: ಅವಳ ಅಮ್ಮ ಗಟ್ಟಿಯಾಗಿ ಓದಿದರೂ ಇಬ್ಬರಿಗೂ ಮುಜುಗರ ಆಗಬಾರದು.

ಕಳಿಸಿದ ಮೇಲೆ ಒಂದೇ ಬೂದು ಗುರುತು ನಿಂತಿತು. ಇದರಲ್ಲಿ ಎಷ್ಟು ಹುಡುಗರು ನಿದ್ದೆ ಕೆಡಿಸಿಕೊಂಡಿದ್ದಾರೋ. ಒಂದು ಗುರುತು ಅಂದರೆ ಸಂದೇಶ ನಮ್ಮ ಫೋನು ಬಿಟ್ಟು ಹೋಗಿದೆ, ಅವಳ ಫೋನು ಮುಟ್ಟಿಲ್ಲ. ಎರಡಾದರೆ ಮುಟ್ಟಿದೆ. ನೀಲಿಯಾದರೆ ಓದಿದ್ದಾಳೆ, ಆದರೆ ಆ ಸೌಲಭ್ಯವನ್ನು ಬಂದ್ ಮಾಡಿಟ್ಟುಕೊಂಡವರಲ್ಲಿ ಓದಿದರೂ ನೀಲಿ ಆಗುವುದಿಲ್ಲ. ಜುಲೈ ತಿಂಗಳಲ್ಲಿ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದರೆ ಅದರ ಹಿಂದೆಯೇ ಟವರೂ ಮಲಗುತ್ತದೆ. ಎರಡು ದಿನ ಒಂದೇ ಗುರುತು ನಿಂತರೆ ಅದು ಹೆಚ್ಚಾಗಿ ಹೆಸ್ಕಾಂ ಲೈನ್‌ಮನ್‌ನ ವಿಷಯ, ಅವಳ ಮನಸ್ಸಿನದ್ದಲ್ಲ. ಆ ಹೊತ್ತಿನಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಕಳಿಸಿದರೆ, ನೆಟ್‌ವರ್ಕ್ ಬಂದ ಕೂಡಲೇ ಅವಳಿಗೆ ಮೂರೂ ಒಟ್ಟಿಗೆ ಬೀಳುತ್ತವೆ, ಹಾಸ್ಯ ಸತ್ತು ಒತ್ತಾಯ ಉಳಿಯುತ್ತದೆ. ಅಳಿಸುವುದೂ ಬೇಡ. ಎಲ್ಲರಿಗೂ ಅನ್ವಯವಾಗುವಂತೆ ಅಳಿಸಿದರೂ ಅಳಿಸಿದ ಕುರುಹು ಅಲ್ಲೇ ಕಾಣುತ್ತದೆ. ಏನು ಬರೆದಿದ್ದ ಅಂತ ಅವಳು ಊಹಿಸುವುದು ನಾವು ಬರೆದದ್ದಕ್ಕಿಂತ ಕೆಟ್ಟದ್ದೇ ಇರುತ್ತದೆ.

ಉತ್ತರ ಬಂತು: ‘ಪತ್ರ ಚೆಕ್ಕಲ್ಲ ಸ್ವಾಮಿ. 87 ಇಲ್ಲಿಗೆ ಬರೋದಿಲ್ಲ. ಅದಿರ್ಲಿ, ನೀವು ದುಷ್ಟಬುದ್ಧಿಯ ವಕೀಲರಾ?’

ಇಲ್ಲಿ ಓದಿಕೊಳ್ಳಬೇಕಾದ್ದು ಉದ್ದವನ್ನಲ್ಲ. ಅವಳು ಮರುಪ್ರಶ್ನೆ ಹಾಕಿದ್ದಾಳೆ, ಅದೂ ನನ್ನನ್ನು ಒಂದು ಪಾತ್ರದಲ್ಲಿ ಕೂರಿಸಿ. ಕೀಟಲೆಯ ಮೊದಲ ಹೆಜ್ಜೆ ಅವಳದ್ದೇ. ‘ಹ್ಹ ಹ್ಹ ಹೌದು’ ಅಂತ ಮಾತ್ರ ಬಂದಿದ್ದರೆ, ಅದು ಸೌಜನ್ಯ. ಮರುಪ್ರಶ್ನೆ ಇಲ್ಲದ ಉತ್ತರ ಸತತ ಎರಡು ಸಲ ಬಂದರೆ ಅವಳಿಗೆ ಮುಂದುವರಿಸುವ ಮನಸ್ಸಿಲ್ಲ ಅಂತಲೇ ತಿಳಿಯಬೇಕು. ಹುಡುಗಿಯರು ‘ಬೇಡ’ ಅಂತ ಬಾಯಿಬಿಟ್ಟು ಹೇಳುವುದು ಕಡಿಮೆ, ದಿನಾ ಎದುರುಬದುರು ಕೂರುವ ತರಗತಿಯಲ್ಲಂತೂ ಇನ್ನೂ ಕಡಿಮೆ. ‘ಸ್ವಲ್ಪ ಬಿಝಿ’, ‘ಆಮೇಲೆ ನೋಡ್ತೆ’, ಬರೀ ಹೆಬ್ಬೆರಳು, ಇವೆಲ್ಲ ಆ ಬೇಡದ ಸಭ್ಯ ರೂಪಗಳು. ಬಿಝಿ ಅಂದವಳು ಮರುದಿನ ತಾನಾಗಿ ‘ನಿನ್ನೆ ಎಂತ ಕೇಳಿದ್ರಿ?’ ಅಂದರೆ ನಿಜವಾಗಿ ಬಿಝಿ ಇದ್ದಳು. ಅನ್ನದಿದ್ದರೆ ಬಿಟ್ಟುಬಿಡುವುದು. ಇನ್ನೊಮ್ಮೆ ಅವಳೇ ಏನಾದರೂ ಹಾಕಿ, ಅದಕ್ಕೆ ನಿಜವಾಗಿ ಹೇಳುವ ಮಾತಿದ್ದರೆ ಮಾತ್ರ ಒಂದು ಸಲ ಉತ್ತರಿಸಬಹುದು. ಅದಕ್ಕೂ ಮೌನವಾದರೆ ಮೂರನೆಯ ಸಲ ಅನ್ನುವುದು ಇಲ್ಲ. ಅವಳ ಗೆಳತಿಯ ಹತ್ತಿರ ‘ಯಾಕೆ ರಿಪ್ಲೈ ಮಾಡ್ತಿಲ್ಲ’ ಅಂತ ಕೇಳುವುದಂತೂ ಸಂದೇಶಕ್ಕಿಂತ ಹತ್ತು ಪಾಲು ಕೆಟ್ಟದ್ದು.

ಅವಳ ಮಾತಿಗೆ ನನ್ನ ಉತ್ತರದಲ್ಲಿ ಹೊಸ ವಿಷಯ ತರಲಿಲ್ಲ. ಅವಳ ಕೊನೆಯ ಶಬ್ದವನ್ನೇ ಹಿಡಿಯಬೇಕು, ವಕೀಲ. ‘ಫೀಸು ಬಂದಿಲ್ಲ, ಪಕ್ಷ ಬದಲಾಯಿಸಲೂ ತಯಾರು. ವಿಷಯೆಗೆ ವಕೀಲರು ಬೇಕಾ?’ ಅಂತ ಹಾಕಿದೆ. ‘ಅವಳಿಗೆ ಯಾಕೆ ವಕೀಲ? ಕಾಡಿಗೆ ಸಾಕು’ ಅಂದಳು. ಈ ಒಂದು ಸಾಲಿಗೆ ನಾನು ಮೆಚ್ಚುಗೆ ಹೇಳಿದೆ: ‘ಇದನ್ನ ನೀವು ವೇದಿಕೆ ಮೇಲೆ ಹೇಳಿದ್ರೆ ಚಪ್ಪಾಳೆ ಬೀಳ್ತಿತ್ತು.’ ಮೆಚ್ಚುಗೆ ಅವಳು ಆಡಿದ ಮಾತಿಗೆ, ಒಂದೇ ಸಲ, ಆ ಕ್ಷಣಕ್ಕೆ. ಡಿಪಿ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ ಅನ್ನುವುದಕ್ಕೆ ಕಾಡಿಗೆಯ ಮಾತು ಒಳ್ಳೆ ಅವಕಾಶ ಅಂತ ಅನಿಸುತ್ತದೆ, ನನಗೂ ಬೆರಳ ತುದಿಗೆ ಬಂದಿತ್ತು. ಆ ಹಂತದಲ್ಲಿ ಅದನ್ನು ಆಡಿದರೆ ಇಷ್ಟು ಹೊತ್ತಿನ ಪ್ರಸಂಗದ ಮಾತೆಲ್ಲ ಬರೀ ಪೀಠಿಕೆಯಾಗಿತ್ತು ಅಂತ ಅವಳಿಗೆ ಗೊತ್ತಾಗಿಬಿಡುತ್ತದೆ.

ಅಲ್ಲಿಗೇ ನಿಲ್ಲಿಸಿದೆ. ‘ಊಟಕ್ಕೆ ಕರೀತಿದ್ದಾರೆ, ಕಟ್ಲೆ ನಾಳೆಗೆ ಮುಂದೂಡಲಾಗಿದೆ.’ ಮಾತು ಬಿಸಿ ಇರುವಾಗಲೇ ಏಳುವುದು ನಾಚಿಕೆಯವರಿಗೆ ಕಷ್ಟವಲ್ಲ, ನಿಜ ಹೇಳಬೇಕೆಂದರೆ ಸುಲಭ. ಸರಕು ಖಾಲಿಯಾಗುವ ಮೊದಲೇ ಎದ್ದಿರುತ್ತೇವೆ. ‘ಮತ್ತೆ?’, ‘ಊಟ ಆಯ್ತಾ?’, ‘ಎಂತ ಪದಾರ್ಥ?’ ಅನ್ನುವ ಮಟ್ಟಕ್ಕೆ ಇಳಿದ ಮೇಲೆ ಎದ್ದರೆ ಮರುದಿನ ಶುರುಮಾಡುವುದಕ್ಕೆ ತುದಿ ಸಿಗುವುದಿಲ್ಲ.

ಮರುದಿನದ ತರಗತಿಯೇ ನಮ್ಮಂಥವರಿಗೆ ನಿಜವಾದ ಗಂಡಾಂತರ. ಫೋನಿನಲ್ಲಿ ವಾಚಾಳಿ, ಎದುರಿಗೆ ಕಂಡರೆ ನೆಲ ನೋಡಿಕೊಂಡು ಹೋಗುವುದು. ಅವಳ ಕಡೆಯಿಂದ ನೋಡಿದರೆ ಇದು ನಾಚಿಕೆಯಾಗಿ ಕಾಣುವುದಿಲ್ಲ, ಕದ್ದು ಮಾಡುವ ಕೆಲಸವಾಗಿ ಕಾಣುತ್ತದೆ, ಇಲ್ಲವೇ ಬರೆದುಕೊಟ್ಟವನು ಬೇರೆ ಯಾರೋ ಅನ್ನುವ ಗುಮಾನಿ ಬರುತ್ತದೆ. ಉದ್ದ ಮಾತು ಬೇಕಿಲ್ಲ. ಕಾರಿಡಾರಿನಲ್ಲಿ ಎದುರಾದಾಗ ಮುಖ ನೋಡಿ ‘ಕಟ್ಲೆ ಇದೆ ಇವತ್ತು’ ಅಂದು ಮುಂದೆ ನಡೆದರೆ ಸಾಕು. ಆ ನಾಲ್ಕು ಸೆಕೆಂಡಿಗೆ ವಾಕ್ಯ ಮೊದಲೇ ಸಿದ್ಧ ಇಟ್ಟುಕೊಳ್ಳಬೇಕು, ನಿಲ್ಲಬಾರದು, ನಿಂತರೆ ಎರಡನೆಯ ವಾಕ್ಯ ಬೇಕಾಗುತ್ತದೆ.

ಕೀಟಲೆಯಿಂದ ಇನ್ನೊಂದು ಮೆಟ್ಟಿಲು ಹತ್ತಿದ್ದು ನಾಲ್ಕಾರು ಸಂಜೆಗಳ ನಂತರ. ಪಾತ್ರಗಳ ಮಾತಾಡುತ್ತ ಆಡುತ್ತ, ಪಾತ್ರದ ಜಾಗದಲ್ಲಿ ಅವಳನ್ನೇ ಇಟ್ಟು ಕೇಳುವುದು. ‘ಪತ್ರ ನಿಮ್ಮ ಕೈಗೆ ಸಿಕ್ಕಿದ್ರೆ ತಿದ್ತಿದ್ರಾ?’ ಈ ಪ್ರಶ್ನೆಗೆ ಹಿಂಬಾಗಿಲು ಇದೆ, ಅದೇ ಅದರ ಗುಣ. ಅವಳು ಇಷ್ಟವಿಲ್ಲದಿದ್ದರೆ ‘ಅಣ್ಣನಿಗೆ ಕೊಡ್ತಿದ್ದೆ’ ಅಂತ ಕತೆಯೊಳಗೇ ಉಳಿಯಬಹುದು. ಇಬ್ಬರ ಮರ್ಯಾದೆಯೂ ಉಳಿಯಿತು, ನಾಳೆ ನೋಟ್ಸ್ ಕೇಳುವುದಕ್ಕೂ ಅಡ್ಡಿಯಿಲ್ಲ. ಹಾಗೇನಾದರೂ ಬಂದರೆ ಅದನ್ನು ತಿರುಗಿಸಿ ಮತ್ತೆ ಕೇಳಬಾರದು.

ಬಂದದ್ದು ಬೇರೆ: ‘ಮೊದ್ಲು ಮಲಗಿದವನ ಮುಖ ನೋಡ್ತಿದ್ದೆ. ಆಮೇಲೆ ವಿಚಾರ.’

‘ಈ ಮಳೆಗಾಲದಲ್ಲಿ ನಮ್ಮ ಕಡೆ ತೋಟದಲ್ಲಿ ಮಲಗಿದ್ರೆ ವಿಷಯೆಗಿಂತ ಮೊದ್ಲು ಉಂಬಳ ಬರ್ತದೆ. ಮುಖ ನೋಡೋ ಹಾಗೆ ಇರೋದಿಲ್ಲ.’

‘ಉಪ್ಪು ತರ್ತೆ ಬಿಡು.’

ಎರಡು ಸಂಗತಿ ಒಟ್ಟಿಗೆ ನಡೆದಿವೆ ಇಲ್ಲಿ. ಉಂಬಳಕ್ಕೆ, ಅಂದರೆ ಜಿಗಣೆಗೆ, ಉಪ್ಪು ಹಿಡಿದು ಬರುವವಳು ಈಗ ವಿಷಯೆಯಲ್ಲ, ಅವಳೇ. ಮತ್ತೆ ‘ಬಿಡಿ’ ಹೋಗಿ ‘ಬಿಡು’ ಬಂದಿದೆ. ಏಕವಚನಕ್ಕೆ ಇಳಿಯುವುದನ್ನು ಅವಳಿಗೇ ಬಿಡಬೇಕು ಅಂತ ನಾನು ಹೇಳುವುದು ಇದಕ್ಕೇ. ನಾವು ಮೊದಲು ಇಳಿದರೆ ಅವಳು ಒಪ್ಪಿದಳೋ ಸಹಿಸಿದಳೋ ತಿಳಿಯುವುದಿಲ್ಲ. ಅವಳು ಇಳಿದ ಮೇಲೆ ನಾವು ‘ನೀವು’ ಅಂತಲೇ ಮುಂದುವರಿಸಿದರೆ ದೂರ ತಳ್ಳಿದ ಹಾಗಾಗುತ್ತದೆ. ಮುಂದಿನ ಸಾಲಿನಲ್ಲೇ, ಅದರ ಬಗ್ಗೆ ಒಂದು ಮಾತೂ ಆಡದೆ, ‘ನೀನು’ ಅಂದುಬಿಡುವುದು. ‘ಓಹೋ, ನೀನು ಅಂದ್ಯಲ್ಲ!’ ಅಂತ ಎತ್ತಿ ತೋರಿಸಿದರೆ ಅವಳು ವಾಪಸ್ಸು ‘ನೀವು’ಗೆ ಹತ್ತಿಬಿಡುತ್ತಾಳೆ. ನಾನು ಬರೆದದ್ದು: ‘ಉಪ್ಪು ಹಾಕಿದ್ಮೇಲೆ ಕಾಡಿಗೆ ಉಳ್ಸಿಟ್ಕೊ, ಪತ್ರದ ಕೆಲಸ ಬಾಕಿ ಇದೆ. ನಿನ್ನ ತಿದ್ದುಪಡಿಗೆ ಈ ಸಲ ಆಕ್ಷೇಪಣೆ ಇಲ್ಲ.’

ಅದಕ್ಕೆ ಅವಳು ಕೂಡಲೇ ಏನೂ ಬರೆಯಲಿಲ್ಲ, ಬರೆಯುತ್ತಿದ್ದಾಳೆ ಅಂತ ಮೇಲೆ ತೋರಿಸುವುದು, ನಿಲ್ಲುವುದು, ಮತ್ತೆ ತೋರಿಸುವುದು. ಇಂಥ ಹೊತ್ತಿನಲ್ಲಿ ಹೆದರಿ ‘ತಮಾಷೆಗೆ ಹೇಳಿದ್ದು’ ಅಂತ ಸೇರಿಸುವವರಿದ್ದಾರೆ. ಸೇರಿಸಬಾರದು. ವಾಟ್ಸಾಪ್‌ನಲ್ಲಿ ಕಳಿಸಿದ್ದನ್ನು ಹದಿನೈದು ನಿಮಿಷದೊಳಗೆ ತಿದ್ದುವುದಕ್ಕೆ ಬರುತ್ತದೆ, ಆದರೆ ತಿದ್ದಿದ್ದು ಅಂತ ಗುರುತು ಬೀಳುತ್ತದೆ. ಕೊನೆಗೆ ಅವಳು ಹಿಡಿದದ್ದೂ ಅದನ್ನೇ: ‘ವಿಷಯೆಯ ಪುಣ್ಯ. ಅವಳ ಕಾಲದಲ್ಲಿ ಎಡಿಟೆಡ್ ಅಂತ ಕಾಣ್ತಿರ್ಲಿಲ್ಲ.’

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಇಂಥ ಸಾಲು ಬಂದಾಗ ಹಾಸ್ಟೆಲಿನ ರೂಮ್‌ಮೇಟ್‌ಗೆ ತೋರಿಸುವ ಚಪಲ ಆಗುತ್ತದೆ. ಒಂದು ಸ್ಕ್ರೀನ್‌ಶಾಟ್ ಸಾಕು, ಸಿರ್ಸಿ ಸಣ್ಣ ಊರು, ಬಸ್‌ಸ್ಟ್ಯಾಂಡಿನಿಂದ ಅವಳ ಹಳ್ಳಿಗೆ ಹೋಗುವ ಬಸ್ಸಿಗಿಂತ ಮೊದಲು ಸುದ್ದಿ ಊರು ಮುಟ್ಟುತ್ತದೆ. ತಮಾಷೆ ಇಬ್ಬರದ್ದಾದರೂ ಅದರ ಬೆಲೆ ತೆರುವವಳು ಅವಳೊಬ್ಬಳೇ. ಸಲಹೆ ಬೇಕೇಬೇಕು ಅನಿಸಿದರೂ ಹೆಸರಿಲ್ಲದೆ, ಪರದೆ ತೋರಿಸದೆ ಕೇಳಬೇಕು.

ಶೃಂಗಾರದ ಪದ್ಯಗಳನ್ನು ಕಳಿಸುವ ಬಗ್ಗೆಯೂ ಒಂದೆರಡು ಮಾತು. ಪ್ರಸಂಗಗಳಲ್ಲಿ ಅವಕ್ಕೆ ಬರವಿಲ್ಲ, ಸುಧನ್ವ ಪ್ರಭಾವತಿಯರ ಸಂವಾದ ಒಂದೇ ಸಾಕು. ಯುದ್ಧಕ್ಕೆ ಹೊರಟ ಗಂಡನನ್ನು ಹೆಂಡತಿ ತಡೆಯುವ ಸಂದರ್ಭ ಅದು, ಗಂಡ ಹೆಂಡತಿಯರ ಮಾತು. ಅದನ್ನು ಮೊದಲ ವಾರದಲ್ಲೇ ಕಳಿಸಿದರೆ ಅರ್ಥ ಬಲ್ಲವಳು ಬೆಚ್ಚುತ್ತಾಳೆ, ಅರ್ಥ ಬಲ್ಲವಳಾದ್ದರಿಂದಲೇ. ಕಳಿಸುವುದಾದರೆ ಒಂದು ನಿಮಿಷ ಮೀರದ ತುಣುಕು, ಜತೆಗೆ ಎಲ್ಲಿ ಕಿವಿ ಇಡಬೇಕು ಅನ್ನುವ ಒಂದು ಸಾಲು. ಮೂರು ನಾಲ್ಕು ಗಂಟೆಯ ಇಡೀ ತಾಳಮದ್ದಲೆಯ ಕೊಂಡಿ ಕಳಿಸಿ ‘ಕೇಳು, ಚೆನ್ನಾಗಿದೆ’ ಅಂದರೆ ಅದು ಹೋಮ್‌ವರ್ಕ್ ಕೊಟ್ಟ ಹಾಗೆ.

ಮಾತು ಫೋನಿನಿಂದ ಹೊರಗೆ ಬರಬೇಕಲ್ಲ. ಆಸಕ್ತಿ ಹಿಡಿದು ಶುರುವಾದ ಮಾತಿಗೆ ಈ ಅನುಕೂಲ ಇದೆ, ಭೇಟಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಭಾನುವಾರ ಸಂಜೆ ಊರಿನ ಸಭಾಭವನವೊಂದರಲ್ಲಿ ತಾಳಮದ್ದಲೆ ಇತ್ತು. ‘ನನ್ನ ಜತೆ ಬರ್ತೀಯಾ’ ಅಂತ ಕೇಳಿದರೆ ಪ್ರಶ್ನೆ ನನ್ನ ಮೇಲೆ ನಿಲ್ಲುತ್ತದೆ, ಒಲ್ಲೆ ಅನ್ನುವುದು ಅವಳಿಗೆ ಕಷ್ಟ. ಹಾಗಾಗಿ: ‘ಭಾನುವಾರ ನಾನು ಹೋಗ್ತಾ ಇದ್ದೇನೆ, ನಾಲ್ಕಕ್ಕೆ ಶುರು. ನೀನೂ ಬರೋದಾದ್ರೆ ಹೇಳು, ಗೆಳತಿಯನ್ನೂ ಕರ್ಕೊಂಡು ಬಾ. ಏಳರ ಬಸ್ಸಿಗೆ ಏಳ್ಬಹುದು.’ ಬಸ್ಸಿನ ಹೊತ್ತು ಹೇಳಿದ್ದು ಸುಮ್ಮನಲ್ಲ. ಹಳ್ಳಿಗೆ ಹೋಗುವವಳು ಮೊದಲು ಲೆಕ್ಕ ಹಾಕುವುದು ಅದನ್ನೇ. ಆ ಲೆಕ್ಕ ನಾವು ಮೊದಲೇ ಹಾಕಿದ್ದೇವೆ ಅಂತ ಕಂಡರೆ ಹತ್ತು ಹೊಗಳಿಕೆಗೆ ಸಮ.

ಅವಳ ಉತ್ತರ: ‘ಬರ್ತೆ. ಆದ್ರೆ ಬಸ್ಸು ಬೇಡ, ಅಪ್ಪನೂ ಬರ್ತಾರೆ. ಅವರಿಗೆ ಮದ್ದಲೆ ಹುಚ್ಚು.’

ತಾಳಮದ್ದಲೆ ಹಿಡಿದು ಮಾತಿಗಿಳಿದರೆ ಈ ಸೀಮೆಯಲ್ಲಿ ಇದಕ್ಕೂ ಸಿದ್ಧ ಇರಬೇಕು. ಅಪ್ಪ ಬರುತ್ತಾರೆ ಅಂತ ಕೇಳಿ ಹೋಗದೆ ಉಳಿಯುವುದು ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಹೋಗಬೇಕು, ‘ನಮಸ್ಕಾರ, ನಾನು ಇವರ ಕ್ಲಾಸಿನವನು’ ಅನ್ನಬೇಕು, ಅಲ್ಲಿ ಮತ್ತೆ ‘ಇವರು’ ಅಂತ ಬಹುವಚನಕ್ಕೆ ಹತ್ತಬೇಕು, ಅವರ ಎದುರು ಮದ್ದಲೆಯ ಬಗ್ಗೆ ಗೊತ್ತಿಲ್ಲದ್ದನ್ನು ಹೇಳಬಾರದು. ಎರಡು ಸಾಲು ಹಿಂದೆ ಕೂತು ಫೋನು ಸೈಲೆಂಟಿಗೆ ಹಾಕಿ ಕಿಸೆಯಲ್ಲಿಟ್ಟರೆ ಒಳ್ಳೆಯದು. ಅವಳ ಮಡಿಲಲ್ಲಿರುವ ಪರದೆ ಪಕ್ಕದ ಕುರ್ಚಿಯಿಂದ ಸಲೀಸಾಗಿ ಕಾಣುತ್ತದೆ, ‘ಉಪ್ಪು ತಂದಿದ್ದೀಯಾ’ ಅನ್ನುವ ಸಂದೇಶಕ್ಕೆ ಅವರ ಅಪ್ಪನಿಗೆ ಅರ್ಥ ಹೇಳುವುದು ಯಾವ ಅರ್ಥಧಾರಿಯಿಂದಲೂ ಆಗುವ ಕೆಲಸವಲ್ಲ.